ಕೆರೆಯ ಉಸಿರಿನ ಲೆಕ್ಕ

ಬೆಳಿಗ್ಗೆ ಕಾಫಿಗೆಂದು ಒಲೆಯ ಮೇಲೆ ನೀರಿಟ್ಟು ಸುಮ್ಮನೆ ನೋಡುತ್ತ ನಿಂತವರಿಗೆಲ್ಲ ಇದು ಗೊತ್ತು. ನೀರು ಕುದಿಯಲು ಇನ್ನೂ ಬಹಳ ಹೊತ್ತಿರುತ್ತದೆ, ಬೆರಳಿಟ್ಟರೆ ಬರೀ ಉಗುರುಬೆಚ್ಚಗಿರುತ್ತದೆ. ಅಷ್ಟರಲ್ಲೇ ಪಾತ್ರೆಯ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬಂದು ಅಂಟಿಕೊಳ್ಳುತ್ತವೆ. ಅವು ಆವಿಯ ಗುಳ್ಳೆಗಳಲ್ಲ. ನೀರಿನೊಳಗೆ ಕಣ್ಣಿಗೆ ಕಾಣದಂತೆ ಕರಗಿದ್ದ ಗಾಳಿ, ಬಿಸಿ ತಾಗಿದ ಕೂಡಲೇ ಹೊರಟು ನಿಂತಿರುತ್ತದೆ. ತಣ್ಣಗಿದ್ದಾಗ ಹಿಡಿದಿಟ್ಟುಕೊಂಡಷ್ಟು ಗಾಳಿಯನ್ನು ನೀರು ಬೆಚ್ಚಗಾದಾಗ ಹಿಡಿದಿಡಲಾರದು. ಕುದಿಸಿ ಆರಿಸಿದ ನೀರು ಸಪ್ಪೆಯೆನಿಸುವುದಕ್ಕೆ ಇದೂ ಒಂದು ಕಾರಣ. ನಮ್ಮಜ್ಜಿ ಅಂಥ ನೀರನ್ನು ಎರಡು ಚೊಂಬುಗಳ ನಡುವೆ ನಾಲ್ಕಾರು ಸಲ ಎತ್ತಿ ಹುಯ್ದು ಕೊಡುತ್ತಿದ್ದರು. ಬಿಟ್ಟುಹೋದ ಗಾಳಿಯನ್ನು ಅವರು ನೀರಿಗೆ ಮರಳಿ ಸೇರಿಸುತ್ತಿದ್ದರು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಈ ಗುಳ್ಳೆಗಳು ನೆನಪಾದದ್ದು ಕಳೆದ ಏಪ್ರಿಲ್‌ನಲ್ಲಿ, ಬೆಂಗಳೂರಿನ ನಮ್ಮ ಬಡಾವಣೆಯ ಕೆರೆಯ ದಂಡೆಯಲ್ಲಿ. ಶನಿವಾರದ ಮುಂಜಾನೆ ಮೀನುಗಳಿಗೆ ಪುರಿ ಹಾಕುವುದು ನನ್ನ ಹಳೆಯ ರೂಢಿ. ಅಂದು ಬೆಳಕು ಹರಿಯುವ ಮೊದಲೇ ಹೋಗಿದ್ದೆ. ನೀರಿನ ಮೇಲ್ಮೈಯಲ್ಲಿ ನೂರಾರು ಮೀನುಗಳು ಬಾಯಿ ಮೇಲೆತ್ತಿ ತೆರೆದು ಮುಚ್ಚುತ್ತಿದ್ದವು. ನನ್ನನ್ನು ಗುರುತು ಹಿಡಿದು ಪುರಿಗೆ ಬಂದಿವೆ ಎಂದುಕೊಂಡೆ. ಪುರಿ ಎರಚಿದೆ. ಒಂದೂ ತಿನ್ನಲಿಲ್ಲ. ಪಕ್ಕದಲ್ಲೇ ನಡೆದು ಬರುತ್ತಿದ್ದ ನಮ್ಮ ಬೀದಿಯ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು ನಿಂತು ನೋಡಿ, "ಅವು ಊಟಕ್ಕೆ ಬಂದಿಲ್ಲ ಸ್ವಾಮಿ, ಉಸಿರಿಗೆ ಬಂದಿವೆ" ಎಂದರು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ, ಗಾಳಿಗೆ ತಾಗಿಕೊಂಡಿರುವ ಮೇಲಿನ ತೆಳುವಾದ ಪದರದಲ್ಲಿ ಮಾತ್ರ ಒಂದಿಷ್ಟು ಉಳಿದಿರುತ್ತದೆ. ಮೀನುಗಳು ಆ ಪದರಕ್ಕೆ ಬಾಯಿ ಹಚ್ಚುತ್ತವೆ.

ಹಾಗಾದರೆ ಕೆರೆಯ ನೀರಿನಲ್ಲಿ ಎಷ್ಟು ಆಮ್ಲಜನಕ ಇರಬೇಕು? ಮೇಷ್ಟ್ರಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದೇ. ಕಲ್ಲುಬೆಂಚಿನ ಮೇಲೆ ಕುಳಿತು, ನನ್ನ ಪುರಿ ಪೊಟ್ಟಣದ ಕಾಗದದ ಮೇಲೆ ಅವರು ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಬೇಕಾದ ನಿಯಮ ಇನ್ನೂರು ವರ್ಷಕ್ಕಿಂತ ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ಎಂಬ ವೈದ್ಯ ಮತ್ತು ರಸಾಯನಜ್ಞ 1803ರಲ್ಲಿ ಪ್ರಕಟಿಸಿದ್ದು. ನೀರಿನ ಮೇಲೆ ಒಂದು ಅನಿಲ ಎಷ್ಟು ಒತ್ತಡ ಹಾಕುತ್ತದೋ ಅದೇ ಪ್ರಮಾಣದಲ್ಲಿ ಅದು ನೀರಿನೊಳಗೆ ಕರಗುತ್ತದೆ. ಒತ್ತಡ ಇಮ್ಮಡಿಯಾದರೆ ಕರಗುವುದೂ ಇಮ್ಮಡಿ, ಅರ್ಧವಾದರೆ ಅರ್ಧ. ಗೋಲಿ ಸೋಡಾದ ಗೋಲಿ ಒತ್ತಿದಾಗ ಬುಸ್ಸೆಂದು ಅನಿಲ ಹೊರಬರುವುದನ್ನು ನೋಡಿದವರು ಈ ನಿಯಮವನ್ನೇ ನೋಡಿದ್ದಾರೆ. ಮೇಲಿನ ಒತ್ತಡ ಇಳಿದ ಮೇಲೆ ನೀರು ಅಷ್ಟು ಅನಿಲವನ್ನು ಇಟ್ಟುಕೊಳ್ಳಲಾರದು.

ಇಲ್ಲಿ ಒತ್ತಡ ಎಂದರೆ ಇಡೀ ಗಾಳಿಯ ಒತ್ತಡವಲ್ಲ, ಅದರಲ್ಲಿ ಆಮ್ಲಜನಕದ ಪಾಲು ಮಾತ್ರ. ಅದನ್ನೇ ಆಂಶಿಕ ಒತ್ತಡ ಎನ್ನುವುದು. ಹೆನ್ರಿಯ ಊರಿನವನೇ ಆದ, ಅವನ ಸ್ನೇಹಿತ ಜಾನ್ ಡಾಲ್ಟನ್ ಈ ಪಾಲಿನ ವಿಚಾರವನ್ನು ತಿಳಿಯಪಡಿಸಿದ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವನ್ನು 1 ಅಟ್ಮಾಸ್ಫಿಯರ್ ಎಂದು ಹಿಡಿದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 0.895ರಷ್ಟು. ಇದರಲ್ಲಿ ಮೊದಲು ನೀರಾವಿಯ ಪಾಲನ್ನು ಕಳೆಯಬೇಕು, ಏಕೆಂದರೆ ನೀರಿಗೆ ತಾಗಿಕೊಂಡಿರುವ ಗಾಳಿ ಆವಿಯಿಂದ ತುಂಬಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಪಾಲು 0.031. ಉಳಿದದ್ದು 0.864. ಒಣಗಾಳಿಯಲ್ಲಿ ಆಮ್ಲಜನಕ ಶೇಕಡ 20.95. ಹಾಗಾಗಿ ನಮ್ಮ ಕೆರೆಯ ಮೇಲೆ ಆಮ್ಲಜನಕದ ಆಂಶಿಕ ಒತ್ತಡ 0.181 ಅಟ್ಮಾಸ್ಫಿಯರ್.

ಇನ್ನು ಉಳಿದದ್ದು ಒಂದು ಗುಣಾಕಾರ. 25 ಡಿಗ್ರಿಯಲ್ಲಿ ಆಮ್ಲಜನಕಕ್ಕೆ ಹೆನ್ರಿಯ ಸ್ಥಿರಾಂಕ, ಪ್ರತಿ ಲೀಟರಿಗೆ ಪ್ರತಿ ಅಟ್ಮಾಸ್ಫಿಯರಿಗೆ 0.00127 ಮೋಲ್. ಒಂದು ಮೋಲ್ ಆಮ್ಲಜನಕದ ತೂಕ 32 ಗ್ರಾಂ. ಮೇಷ್ಟ್ರು ಬರೆದದ್ದು ಹೀಗೆ:

```
C = 0.00127 × 0.181 = 0.00023 mol/L
0.00023 × 32 g = 0.0074 g = 7.4 mg/L
```

ಅಂದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 7.4 ಮಿಲಿಗ್ರಾಂ. ಇದೇ ಲೆಕ್ಕವನ್ನು ಅದೇ ಉಷ್ಣತೆಯಲ್ಲಿ ಮಂಗಳೂರಿನ ಕಡಲಮಟ್ಟದ ಸಿಹಿನೀರಿನ ಕೆರೆಗೆ ಹಾಕಿದರೆ 8.25 ಬರುತ್ತದೆ. ಘಟ್ಟ ಹತ್ತಿ ಬಂದದ್ದಕ್ಕೆ ನಮ್ಮ ನೀರಿಗೆ ಶೇಕಡ ಹತ್ತಕ್ಕಿಂತ ಸ್ವಲ್ಪ ಹೆಚ್ಚೇ ಖೋತಾ. ಬಿಸಿಲೇರಿ ನೀರು 30 ಡಿಗ್ರಿ ತಲುಪಿದರೆ ಸ್ಥಿರಾಂಕವೂ ಇಳಿಯುತ್ತದೆ, ನೀರಾವಿಯ ಪಾಲೂ ಏರುತ್ತದೆ, ನಮ್ಮ ಕೆರೆಯ ಅಂಕಿ 6.7ಕ್ಕೆ ಇಳಿಯುತ್ತದೆ. ಆದ್ದರಿಂದ 25 ಡಿಗ್ರಿಯ ಸ್ಥಿರಾಂಕವನ್ನು ಬೇರೆ ಉಷ್ಣತೆಯ ನೀರಿಗೆ ಹಚ್ಚುವಂತಿಲ್ಲ.

ಮೇಷ್ಟ್ರು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ನಲವತ್ತು ವರ್ಷ ಪಾಠ ಮಾಡಿದವರ ಮಾತು, ಓದುವ ಮಕ್ಕಳಿರುವ ಮನೆಗಳಿಗೆ ಉಪಯೋಗವಾದೀತು. ಹೆನ್ರಿಯ ಸ್ಥಿರಾಂಕವನ್ನು ಪುಸ್ತಕಗಳು ಎರಡು ಬಗೆಯಾಗಿ ಕೊಡುತ್ತವೆ. ಒಂದರಲ್ಲಿ 0.0013 ಎಂದಿರುತ್ತದೆ, ಇನ್ನೊಂದರಲ್ಲಿ 769 ಎಂದಿರುತ್ತದೆ. ಎರಡೂ ಸರಿಯೇ, ಒಂದು ಮತ್ತೊಂದರ ತಲೆಕೆಳಗು ಅಷ್ಟೆ. ಮೊದಲನೆಯದರಿಂದ ಒತ್ತಡವನ್ನು ಗುಣಿಸಬೇಕು, ಎರಡನೆಯದರಿಂದ ಭಾಗಿಸಬೇಕು. ಏಕಮಾನ ನೋಡದೆ 769ರಿಂದ ಗುಣಿಸಿಬಿಟ್ಟರೆ ಒಂದು ಲೀಟರ್ ನೀರಿನಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು ಆಮ್ಲಜನಕ ಕರಗಿದೆ ಎಂದು ಉತ್ತರ ಬರುತ್ತದೆ. ಒಂದು ಲೀಟರ್ ನೀರೇ ಒಂದು ಕಿಲೋ ತೂಗುವಾಗ ಇದು ಹೇಗೆ ಸಾಧ್ಯ ಎಂದು ಮಗು ಒಂದು ಕ್ಷಣ ನಿಂತು ಕೇಳಿಕೊಂಡರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ನಮ್ಮೂರಿನ ಒಂದು ಲೀಟರ್ ಗಾಳಿಯಲ್ಲೇ ಇರುವುದು ಸುಮಾರು 240 ಮಿಲಿಗ್ರಾಂ ಆಮ್ಲಜನಕ. ಗಾಳಿಗೆ ತೆರೆದ ನೀರಿನಲ್ಲಿ ಅದರ ಮೂವತ್ತರಲ್ಲಿ ಒಂದು ಪಾಲು. ಈ ಒಂದು ಹೋಲಿಕೆ ನೆನಪಿದ್ದರೆ ಸಾಕು, ಉತ್ತರ ದಾರಿ ತಪ್ಪಿದಾಗ ಗೊತ್ತಾಗುತ್ತದೆ. ಮೀನಿನ ಬದುಕು ಎಷ್ಟು ಕೈಬಿಗಿಯ ಸಂಸಾರ ಎಂಬುದೂ ಗೊತ್ತಾಗುತ್ತದೆ.

ಆದರೆ 7.4 ಎಂಬುದು ಕೆರೆಯಲ್ಲಿ ಇರಬಹುದಾದದ್ದು, ಇದ್ದದ್ದಲ್ಲ. ಗಾಳಿ ಮತ್ತು ನೀರು ಸಾಕಷ್ಟು ಹೊತ್ತು ಸುಮ್ಮನೆ ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ಯಾರೂ ಕೊಡದೆ ಯಾರೂ ತೆಗೆಯದೆ ಇದ್ದರೆ ನಿಲ್ಲುವ ಮಟ್ಟ ಅದು, ಪರ್ಯಾಪ್ತ ಮಟ್ಟ. ಜೀವವಿರುವ ಕೆರೆಯಲ್ಲಿ ಕೊಡುಕೊಳ್ಳುವಿಕೆ ನಿಲ್ಲುವುದೇ ಇಲ್ಲ. ಹಾಗಾಗಿ ಲೆಕ್ಕ ಹಾಕಿದ ಅಂಕಿಯ ಪಕ್ಕದಲ್ಲಿ ಅಳೆದ ಅಂಕಿಯನ್ನು ಇಟ್ಟು ನೋಡಬೇಕು. ಮರುದಿನ ಮೇಷ್ಟ್ರು ತಮ್ಮ ಹಳೆಯ ಗಾಜಿನ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಬಂದರು.

ಅವರು ಮಾಡಿದ್ದು ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ಪರೀಕ್ಷೆ. 300 ಮಿಲಿಲೀಟರಿನ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ನಿಧಾನವಾಗಿ ತುಂಬಿ, ಒಳಗಿದ್ದಂತೆಯೇ ಬಿರಡೆ ಹಾಕಿದರು. ಬಕೆಟ್‌ನಲ್ಲಿ ಎತ್ತಿ ಬಾಟಲಿಗೆ ಸುರಿದರೆ ಸುರಿಯುವಾಗಲೇ ಗಾಳಿ ಸೇರಿ, ಉಸಿರುಕಟ್ಟಿದ ಕೆರೆಯೂ ಆರೋಗ್ಯವಾಗಿದೆ ಎಂದು ಹೇಳಿಬಿಡುತ್ತದೆಯಂತೆ. ಅಜ್ಜಿಯ ಚೊಂಬಿನ ಗುಣವೇ ಇಲ್ಲಿ ದೋಷ. ಆಮೇಲೆ ದಂಡೆಯ ಮೇಲೆ ಅಲ್ಲೇ ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಅಯೋಡೈಡ್ ಬೆರೆತ ಕ್ಷಾರವನ್ನೂ ಒಂದೆರಡು ಮಿಲಿಲೀಟರ್ ಹಾಕಿದರು. ಆಮ್ಲಜನಕ ಚೆನ್ನಾಗಿದ್ದರೆ ಬಾಟಲಿಯಲ್ಲಿ ಕಾಫಿಬಣ್ಣದ ಗಸಿ ಇಳಿಯುತ್ತದೆ, ಏನೂ ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ನಮ್ಮ ಬಾಟಲಿಯಲ್ಲಿ ಇಳಿದದ್ದು ತೀರ ಮಾಸಲು ಕಂದು. ಮನೆಗೆ ತಂದು ಆಮ್ಲ ಹಾಕಿ ಗಸಿ ಕರಗಿಸಿ, ಅದರಲ್ಲಿ 200 ಮಿಲಿಲೀಟರ್ ತೆಗೆದುಕೊಂಡು ಗಂಜಿನೀರು ಬೆರೆಸಿದಾಗ ಬಂದ ನೀಲಿಬಣ್ಣ ಮಾಯವಾಗುವವರೆಗೆ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಟ್ಟರು. ಆ ದ್ರಾವಣದ ಸಾಮರ್ಥ್ಯವನ್ನು ಎಷ್ಟು ಅನುಕೂಲವಾಗಿ ಗೊತ್ತುಮಾಡಿದ್ದಾರೆಂದರೆ, ಖರ್ಚಾದ ಒಂದೊಂದು ಮಿಲಿಲೀಟರಿಗೂ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ ಎಂದು ನೇರ ಓದಿಕೊಳ್ಳಬಹುದು. ನಮಗೆ ಖರ್ಚಾದದ್ದು 2.1.

ಇರಬಹುದಾಗಿದ್ದದ್ದು 7.4, ಇದ್ದದ್ದು 2.1. ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಇದೇ ಕೆರೆಯನ್ನು ಅಂದೇ ಮಧ್ಯಾಹ್ನ ಮೂರಕ್ಕೆ ಅಳೆದಾಗ ಮಾತ್ರ ನಾನು ಬೆರಗಾದೆ. 11.5 ಬಂತು. 30 ಡಿಗ್ರಿಯ ನೀರಿಗೆ 6.7 ಮಿತಿ ಇರುವಾಗ ಇದು ಅದರ ಶೇಕಡ 170. ತಪ್ಪಾಗಿ ಅಳೆದಿರಬೇಕು ಎಂದೆ. ಮೇಷ್ಟ್ರು ಕೆರೆಯ ಹಸಿರು ಬಣ್ಣವನ್ನು ತೋರಿಸಿದರು. ಕೊಳಚೆಯ ಸಾರ ಉಂಡು ಬೆಳೆದ ಪಾಚಿ ಹಗಲೆಲ್ಲ ಬಿಸಿಲಿನಲ್ಲಿ ಆಮ್ಲಜನಕವನ್ನು ನೀರಿನೊಳಗೇ ತಯಾರಿಸುತ್ತದೆ. ಅದು ಗಾಳಿಗೆ ಹೊರಟುಹೋಗುವುದಕ್ಕಿಂತ ಬೇಗ ತಯಾರಾದಾಗ ಮಟ್ಟ ಮಿತಿ ಮೀರುತ್ತದೆ. ಸೂರ್ಯ ಮುಳುಗಿದ ಮೇಲೆ ತಯಾರಿ ನಿಂತು ಖರ್ಚು ಮಾತ್ರ ಉಳಿಯುತ್ತದೆ. ಪಾಚಿ, ಮೀನು, ತಳದ ಕೆಸರಿನ ಸೂಕ್ಷ್ಮಾಣುಗಳು, ಎಲ್ಲವೂ ರಾತ್ರಿಯಿಡೀ ಉಸಿರಾಡುತ್ತವೆ. ಗಂಟು ಕರಗುತ್ತ ಹೋಗಿ ನಸುಕಿಗೆ ತಳ ಕಾಣುತ್ತದೆ. ಹಗಲು ಹೆಚ್ಚು ಏರಿದ ಕೆರೆಯೇ ನಸುಕಿನಲ್ಲಿ ಹೆಚ್ಚು ಇಳಿಯುವ ಕೆರೆ. ಮಧ್ಯಾಹ್ನ ಮಾತ್ರ ಬಂದು ಅಳೆದು ಹೋದವರಿಗೆ ಇದು ಕಾಣುವುದಿಲ್ಲ. ಮೋಡ ಕವಿದ ದಿನದ ಮರುಬೆಳಿಗ್ಗೆ ಮೀನು ಸಾಯುವುದಕ್ಕೂ ಇದೇ ಕಾರಣ, ಹಗಲಿನ ಸಂಪಾದನೆಯೇ ಇಲ್ಲದ ಮೇಲೆ ರಾತ್ರಿಯ ಖರ್ಚಿಗೆ ಎಲ್ಲಿಂದ ಬರಬೇಕು?

ಗಾಳಿಯಿಂದ ಬಂದು ತುಂಬಿಕೊಳ್ಳಬಾರದೇ ಎಂದು ಕೇಳಿದೆ. ತುಂಬಿಕೊಳ್ಳುತ್ತದೆ, ಆದರೆ ಎಷ್ಟು ಎಂಬುದನ್ನು ಹೇಳುವ ಹೆನ್ರಿಯ ನಿಯಮ ಎಷ್ಟು ಹೊತ್ತಿನಲ್ಲಿ ಎಂಬುದನ್ನು ಹೇಳುವುದಿಲ್ಲ. ಆಮ್ಲಜನಕದ ಕಣ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಅಲುಗಾಡದ ನೀರಿನಲ್ಲಿ ಮೇಲಿನಿಂದ ಒಂದು ಮೀಟರ್ ಆಳಕ್ಕೆ ಹೀಗೇ ಇಳಿಯಬೇಕೆಂದರೆ ವರ್ಷಗಟ್ಟಲೆ ಹಿಡಿಯುತ್ತದೆ. ಅಲೆ, ಸುಳಿ, ತೂಬಿನ ಧಾರೆ, ಇಂಥ ಅಲುಗಾಟವೇ ಕೆರೆಯ ನಿಜವಾದ ಉಸಿರಾಟ. ಮಿತಿಗಿಂತ ನೀರು ಎಷ್ಟು ಕೆಳಗಿದೆಯೋ ಅಷ್ಟು ಬೇಗ ಆಮ್ಲಜನಕ ಒಳಗೆ ಬರುತ್ತದೆ, ಮಿತಿಗಿಂತ ಮೇಲಿದ್ದರೆ ಅಷ್ಟು ಬೇಗ ಹೊರಗೆ ಹೋಗುತ್ತದೆ.

ಈ ಕೊನೆಯ ಮಾತು ಕೇಳಿದ ಮೇಲೆ ನಾವಿಬ್ಬರೂ ಒಟ್ಟಿಗೇ ಕೆರೆಯ ನಡುವಿನ ಕಾರಂಜಿಯ ಕಡೆ ನೋಡಿದೆವು. ವಾಯುವಿಹಾರಕ್ಕೆ ಬರುವವರ ಕಣ್ಣಿಗೆ ಚೆಂದವಾಗಿರಲೆಂದು ಅದನ್ನು ಸಂಜೆ ಐದರಿಂದ ಎಂಟರವರೆಗೆ ಬಿಡುತ್ತಿದ್ದರು. ಆ ಹೊತ್ತಿನಲ್ಲಿ ಕೆರೆ ಮಿತಿಗಿಂತ ಮೇಲಿರುತ್ತದೆ. ಕಾರಂಜಿ ನೀರನ್ನು ಹನಿಹನಿಯಾಗಿ ಸಿಡಿಸಿ, ರಾತ್ರಿಗೆಂದು ಕೂಡಿಟ್ಟ ಆಮ್ಲಜನಕವನ್ನು ಗಾಳಿಗೆ ಕೊಟ್ಟುಬಿಡುತ್ತಿತ್ತು. ನಿಜವಾಗಿ ಬೇಕಾದ ಹೊತ್ತಿನಲ್ಲಿ, ನಸುಕಿನ ಮೂರರಿಂದ ಆರರವರೆಗೆ, ಅದು ನಿಂತಿರುತ್ತಿತ್ತು. ಕರೆಂಟು ಅಷ್ಟೇ, ಮೋಟಾರು ಅದೇ, ಗಂಟೆ ಮಾತ್ರ ತಪ್ಪು. ಕೆರೆಯ ಕಾವಲುಗಾರ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ರಾತ್ರಿ ನಾನು ಹೇಗೂ ಎದ್ದೇ ಇರ್ತೀನಲ್ಲ ಸಾರ್, ಮೇಲಿನವರು ಹ್ಞೂಂ ಅಂದ್ರೆ ಹಾಕ್ತೀನಿ" ಎಂದ. ಬಡಾವಣೆಯ ಸಂಘದವರು ಪತ್ರ ಬರೆದು ಒಪ್ಪಿಗೆ ಪಡೆದರು.

ಇನ್ನು ನನ್ನ ಪುರಿ. ಈ ಲೆಕ್ಕವನ್ನು ಮೇಷ್ಟ್ರು ತಾವಾಗಿ ಹೇಳಲಿಲ್ಲ, ನಾನೇ ಪಟ್ಟು ಹಿಡಿದು ಕೇಳಿದೆ. ಪುರಿ ಎಂದರೆ ಹೆಚ್ಚುಕಡಿಮೆ ಪಿಷ್ಟವೇ. ಮೀನು ತಿನ್ನದೆ ಬಿಟ್ಟದ್ದು ಕೊಳೆಯುವಾಗ ಸೂಕ್ಷ್ಮಾಣುಗಳು ಅದನ್ನು ಆಮ್ಲಜನಕದೊಂದಿಗೆ ಉರಿಸುತ್ತವೆ. 100 ಗ್ರಾಂ ಪುರಿ ಪೂರ್ತಿ ಉರಿದು ಹೋಗಲು ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಲೀಟರಿಗೆ 7.4 ಮಿಲಿಗ್ರಾಂನಂತೆ ನೂರು ಗ್ರಾಂ ಒದಗಿಸಬೇಕಾದರೆ ಪರ್ಯಾಪ್ತ ಮಟ್ಟದ 13,500 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರಿಗಿಂತಲೂ ಹೆಚ್ಚು ನೀರು. ಅದರಲ್ಲಿರುವ ಉಸಿರನ್ನೆಲ್ಲ ನನ್ನ ಒಂದು ಪೊಟ್ಟಣ ತೆಗೆದುಕೊಳ್ಳಬಲ್ಲದು. ಇದೆಲ್ಲ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ, ಹಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಗಾಳಿಯಿಂದ ಒಂದಿಷ್ಟು ಮರಳಿ ಬರುತ್ತದೆ, ನಿಜ. ಆದರೆ ಆ ದಂಡೆಯಲ್ಲಿ ಶನಿವಾರ ಪುರಿ, ಬ್ರೆಡ್ಡು, ಮಿಕ್ಕ ಅನ್ನ ಹಾಕುವವರು ನಾನೊಬ್ಬನೇ ಅಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಂದವರು. ಜೀವದಯೆಯಿಂದ ಹಾಕಿದ್ದು ಆ ಜೀವದ ಉಸಿರನ್ನೇ ಕೇಳುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಪುರಿ ನಿಲ್ಲಿಸಿಬಿಟ್ಟರೆ ಕೆರೆ ಚೇತರಿಸಿಕೊಳ್ಳುತ್ತದೆ ಎಂದೂ ಭಾವಿಸಬಾರದು. ಮನೆಗಳಿಂದ ಬರುವ ಕೊಳಚೆಯ ಒಂದೊಂದು ಲೀಟರೂ 250 ಮಿಲಿಗ್ರಾಂ ಆಸುಪಾಸಿನ ಆಮ್ಲಜನಕ ಬೇಡುವುದು ಸಾಮಾನ್ಯ. ಅಂದರೆ ಕೆರೆಗೆ ಬಿದ್ದ ಪ್ರತಿ ಲೀಟರ್ ಕೊಳಚೆ ಮೂವತ್ತಕ್ಕಿಂತ ಹೆಚ್ಚು ಲೀಟರ್ ಒಳ್ಳೆಯ ನೀರಿನ ಪಾಲನ್ನು ಬರಿದು ಮಾಡುತ್ತದೆ. ಅದರ ಮುಂದೆ ನಮ್ಮ ಪೊಟ್ಟಣಗಳು ಸಣ್ಣವು. ಆದರೆ ಅವು ನಮ್ಮ ಕೈಯಲ್ಲಿರುವಂಥವು.

ಎರಡು ವಾರ ಕಾರಂಜಿ ನಸುಕಿನಲ್ಲಿ ಓಡಿದ ಮೇಲೆ ಮತ್ತೆ ಬಾಟಲಿ ಮುಳುಗಿಸಿದೆವು. ಕಾರಂಜಿಯ ಹತ್ತಿರದ ನೀರಿನಲ್ಲಿ 3.9 ಬಂತು. ಮೀನುಗಳು ಅಲ್ಲಿ ಬಾಯಿ ಮೇಲೆತ್ತಿರಲಿಲ್ಲ, ಹಲವು ಆ ಕಡೆಗೇ ಬಂದು ಸೇರಿದ್ದವು. ಕೊಳಚೆ ಮೋರಿ ಬಂದು ಸೇರುವ ಮೂಲೆಯಲ್ಲಿ ಮಾತ್ರ 1.6, ಅಲ್ಲಿನ ಬಾಟಲಿಯ ಗಸಿ ಹೆಚ್ಚುಕಡಿಮೆ ಬಿಳಿಯೇ. ಮೇಷ್ಟ್ರು ಎರಡೂ ಅಂಕಿಗಳನ್ನು ತಮ್ಮ ನೋಟುಪುಸ್ತಕದಲ್ಲಿ ದಿನಾಂಕ, ಗಂಟೆ, ನೀರಿನ ಉಷ್ಣತೆಯ ಸಮೇತ ಬರೆದು, ಪಕ್ಕದಲ್ಲಿ 7.4 ಎಂದೂ ಬರೆದುಕೊಂಡರು. ಬಾಟಲಿಗಳನ್ನು ಚೀಲಕ್ಕೆ ಹಾಕುತ್ತ, "ಬರೋ ಶನಿವಾರ ನೀವು ಸ್ವಲ್ಪ ಬೇಗ ಬನ್ನಿ, ಆ ಮೋರಿಗುಂಟ ಮೇಲಕ್ಕೆ ನಡೆದು ನೋಡೋಣ, ಎಲ್ಲಿಂದ ಬರ್ತಿದೆ ಅಂತ" ಎಂದರು.